ಮೂವತ್ತು ಕಡಿದ ಮೇಲೂ ಉಳಿಯುವ ಬಾಕಿ

ಹಾಸನದ ಪ್ರೌಢಶಾಲಾ ಶಿಕ್ಷಕಿಯೊಬ್ಬರಿಗೆ ಕಳೆದ ನವೆಂಬರ್‌ನಲ್ಲಿ ಟಿ.ವಿ. ಕ್ವಿಜ್ ಒಂದರಲ್ಲಿ 2 ಲಕ್ಷ ರೂಪಾಯಿ ಬಹುಮಾನ ಬಂತು ಎಂದುಕೊಳ್ಳಿ. ಖಾತೆಗೆ ಬಿದ್ದದ್ದು 1,40,000. ಉಳಿದ 60,000 ರೂಪಾಯಿಯನ್ನು ಕಾರ್ಯಕ್ರಮ ನಡೆಸಿದ ಸಂಸ್ಥೆ ಟಿಡಿಎಸ್ ಎಂದು ಹಿಡಿದುಕೊಂಡಿತು. ಅವರ ವಾರ್ಷಿಕ ಸಂಬಳ 9 ಲಕ್ಷ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ, ರಿಟರ್ನ್ ಹಾಕಿದರೆ ಅರವತ್ತು ಸಾವಿರವೂ ವಾಪಸ್ ಬರುತ್ತದೆ ಎಂಬ ನಂಬಿಕೆಯಲ್ಲಿ ಅವರು ಆಡಿಟರ್ ಹತ್ತಿರ ಹೋದರು.

"ವಾಪಸ್ ಬರೋದಿರಲಿ ಮೇಡಂ, ನೀವೇ ಇನ್ನೂ 2,400 ಕಟ್ಟಬೇಕು" ಎಂದರು ಆಡಿಟರ್.

ಲೆಕ್ಕ ಹೀಗಿದೆ. ಲಾಟರಿ, ಪದಬಂಧ, ಕ್ವಿಜ್‌ನಂಥ ಆಟದ ಬಹುಮಾನ 10,000 ರೂಪಾಯಿ ಮೀರಿದರೆ, ಕೊಡುವವರು ಆದಾಯ ತೆರಿಗೆ ಕಾಯ್ದೆಯ 194B ಕಲಮಿನಂತೆ ಶೇ. 30 ಹಿಡಿದೇ ಕೊಡಬೇಕು. ಆದರೆ ಗೆದ್ದವರ ತೆರಿಗೆ ನಿಗದಿಯಾಗುವುದು 115BB ಕಲಮಿನಲ್ಲಿ. ಅಲ್ಲಿಯೂ ದರ ಶೇ. 30, ಅದರ ಮೇಲೆ ಶೇ. 4 ಸೆಸ್. ಸೇರಿಸಿದರೆ ಶೇ. 31.2. ಟಿಡಿಎಸ್ ಹಿಡಿಯುವಾಗ ಈ ಸೆಸ್ ಸೇರಿರುವುದಿಲ್ಲ. 2 ಲಕ್ಷಕ್ಕೆ ತೆರಿಗೆ 62,400, ಹಿಡಿದದ್ದು 60,000, ಬಾಕಿ 2,400.

12 ಲಕ್ಷದ ರಿಯಾಯಿತಿ ಅವರ ಸಂಬಳಕ್ಕೆ ಸಿಗುತ್ತದೆ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದು ಉಳಿಯುವ 8.25 ಲಕ್ಷಕ್ಕೆ ತೆರಿಗೆ ಸೊನ್ನೆ. ಬಹುಮಾನದ ಹಣಕ್ಕೆ ಮಾತ್ರ ಆ ರಿಯಾಯಿತಿ ಮುಟ್ಟುವುದಿಲ್ಲ. ಶೂಟಿಂಗ್‌ಗೆ ಹೋಗಿಬಂದ ಬಸ್ ಖರ್ಚನ್ನಾಗಲಿ, ಲಾಟರಿಯಾದರೆ ಟಿಕೆಟ್ಟಿನ ದುಡ್ಡನ್ನಾಗಲಿ ಅದರಿಂದ ಕಳೆಯುವಂತೆಯೂ ಇಲ್ಲ.

ರಿಟರ್ನ್ ಹಾಕುವ ಮೊದಲು ಇಲಾಖೆಯ ಜಾಲತಾಣದಲ್ಲಿ Form 26AS ತೆರೆದು ನೋಡಬೇಕು. ಸಂಸ್ಥೆಯ ಹೆಸರಿನ ಎದುರು 194B, 2,00,000 ಮತ್ತು 60,000 ಎಂಬ ಮೂರೂ ಕಾಣಬೇಕು. ಕಾಣದಿದ್ದರೆ ಎರಡು ಕಾರಣ ಇರಬಹುದು. ಜನವರಿಯಿಂದ ಮಾರ್ಚ್‌ವರೆಗಿನ ಕಡಿತದ ವಿವರ ಸಲ್ಲಿಸಲು ಸಂಸ್ಥೆಗೆ ಮೇ 31ರವರೆಗೆ ಗಡುವಿರುತ್ತದೆ. ಹಾಗಿದ್ದರೆ ಜೂನ್‌ವರೆಗೆ ಕಾಯಬೇಕು. ಇಲ್ಲವಾದರೆ ಪ್ಯಾನ್ ಸಂಖ್ಯೆ ತಪ್ಪಾಗಿ ನಮೂದಾಗಿರುತ್ತದೆ. ಅದನ್ನು ಸಂಸ್ಥೆಯೇ ತಿದ್ದುಪಡಿ ಸಲ್ಲಿಸಿ ಸರಿಮಾಡಬೇಕು, ನಾವು ತಿದ್ದಲಾಗದು. ಟಿಡಿಎಸ್ ಪ್ರಮಾಣಪತ್ರವಾದ ಫಾರ್ಮ್ 16ಎ ಕೇಳಿ ಪಡೆದಿದ್ದರೆ ತಪ್ಪು ಆಗಲೇ ಕಣ್ಣಿಗೆ ಬೀಳುತ್ತದೆ.

ಸಂಬಳದಾರರು ಪ್ರತಿವರ್ಷ ತುಂಬುವ ITR-1 ಇಲ್ಲಿ ನಡೆಯುವುದಿಲ್ಲ, ITR-2 ಬೇಕು. ಅದರ Schedule OS ಪುಟದಲ್ಲಿ 115BB ಸಾಲಿಗೆ ಬಹುಮಾನದ ಮೊತ್ತ ಬರೆಯಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಕೈಗೆ ಬಂದದ್ದು 1,40,000 ತಾನೇ ಎಂದು ಅಷ್ಟನ್ನೇ ಬರೆದು, ಟಿಡಿಎಸ್ ಸಾಲಿನಲ್ಲಿ 60,000 ತೋರಿಸುತ್ತಾರೆ. ಹಿಡಿದ ತೆರಿಗೆಯೂ ನಮ್ಮದೇ ಆದಾಯ. ಆದ್ದರಿಂದ ಪೂರ್ತಿ 2,00,000 ಬರೆಯಬೇಕು. ಅದೇ ಪುಟದ ಕೆಳಗೆ ಹಣ ಯಾವ ಅವಧಿಯಲ್ಲಿ ಬಂತೆಂದು ಕೇಳುತ್ತದೆ. ನವೆಂಬರ್ ಆದ್ದರಿಂದ ಸೆಪ್ಟೆಂಬರ್ 16ರಿಂದ ಡಿಸೆಂಬರ್ 15ರ ಕಂಡಿಯಲ್ಲಿ ತುಂಬಬೇಕು.

ಕೊನೆಗೆ 2,400 ರೂಪಾಯಿಯನ್ನು ಸ್ವಯಂ ನಿರ್ಧರಣೆ ತೆರಿಗೆಯಾಗಿ ಆನ್‌ಲೈನ್‌ನಲ್ಲಿ ಕಟ್ಟಿ, ಚಲನ್ ಸಂಖ್ಯೆ ನಮೂದಿಸಿ, ರಿಟರ್ನ್ ಸಲ್ಲಿಸಬೇಕು. ಬಾಕಿ 10,000ಕ್ಕಿಂತ ಕಡಿಮೆ ಇರುವುದರಿಂದ ಮುಂಗಡ ತೆರಿಗೆಯ ತಾಪತ್ರಯವಿಲ್ಲ. ಮೊತ್ತ ಹೊಂದದೆ ಹೋದರೆ ರಿಟರ್ನ್‌ಗಳನ್ನು ಪರಿಷ್ಕರಿಸುವ ಬೆಂಗಳೂರಿನ ಕೇಂದ್ರದಿಂದ ವ್ಯತ್ಯಾಸದ ಸೂಚನೆ ಬರುತ್ತದೆ. ಉತ್ತರಿಸಲು 30 ದಿನ.

ದೊಡ್ಡ ಬಹುಮಾನದಲ್ಲಿ ಬಾಕಿಯೂ ದೊಡ್ಡದು. ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟವಿಲ್ಲದಿದ್ದರೂ ಕೇರಳಕ್ಕೆ ಹೋದಾಗ ಟಿಕೆಟ್ ಕೊಳ್ಳುವವರಿದ್ದಾರೆ. ಬೇರೆ ಆದಾಯವಿಲ್ಲದ ಒಬ್ಬರಿಗೆ ತೆರಿಗೆಗೆ ಒಳಪಡುವ 60 ಲಕ್ಷ ಬಂದರೆ ಹಿಡಿಯುವುದು 18 ಲಕ್ಷ. ಆದರೆ 50 ಲಕ್ಷ ದಾಟಿದ್ದಕ್ಕೆ ಶೇ. 10 ಸರ್‌ಚಾರ್ಜ್, ಮೇಲೆ ಸೆಸ್ ಸೇರಿ ನಿಜವಾದ ತೆರಿಗೆ 20,59,200. ಕೈಯಿಂದ ಕಟ್ಟಬೇಕಾದ್ದು 2,59,200. ಅದನ್ನು ಬಹುಮಾನ ಬಂದ ಮೇಲಿನ ಮುಂಗಡ ತೆರಿಗೆ ಕಂತುಗಳಲ್ಲಿ ಕಟ್ಟದಿದ್ದರೆ ಬಡ್ಡಿಯೂ ಬೀಳುತ್ತದೆ.

2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಜಾರಿಗೆ ಬರುವುದರಿಂದ, ಅಲ್ಲಿಂದಾಚೆ ಬರುವ ಬಹುಮಾನಗಳಿಗೆ ಈ ಕಲಮುಗಳ ಸಂಖ್ಯೆ ಬೇರೆಯಾಗುತ್ತದೆ. ಅದಕ್ಕಿಂತ ಮೊದಲು ಗೆದ್ದವರು ಬಹುಮಾನದ ಪ್ರತಿ ಲಕ್ಷಕ್ಕೆ 1,200 ರೂಪಾಯಿಯಾದರೂ ಎತ್ತಿಟ್ಟು, ಉಳಿದದ್ದನ್ನು ಖರ್ಚು ಮಾಡಲಿ.