ಸೊಸೆ ಹೆಸರು ರೇಷನ್ ಕಾರ್ಡಿಗೆ ಸೇರಿಸೋದು ಹೇಗೆ?

ಅಗಳಿ ಆಂಧ್ರದ ಊರು. ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಆದರೆ ನಮ್ಮ ಮಾತು ಕನ್ನಡ. ಹೆಣ್ಣು ಕೊಡೋದು, ತರೋದು ಶಿರಾ, ಮಧುಗಿರಿ ಕಡೆಗೂ ಉಂಟು. ಇಂಥ ಮದುವೆಯಲ್ಲಿ ರೇಷನ್ ಕಾರ್ಡಿನ ಕೆಲಸ ಹೆಚ್ಚಾಗಿ ತಡವಾಗುತ್ತದೆ. ಯಾಕೆ ಅಂತ ನೋಡೋಣ.

ಅಗಳಿಯ ಒಂದು ಮನೆಯ ಕಾರ್ಡಿನಲ್ಲಿ ನಾಲ್ಕು ಜನ ಇದ್ದಾರೆ ಅನ್ನಿ. ಒಬ್ಬರಿಗೆ ತಿಂಗಳಿಗೆ 5 ಕಿಲೋ ಲೆಕ್ಕದಲ್ಲಿ 20 ಕಿಲೋ ಅಕ್ಕಿ ಬರುತ್ತೆ. ಮಗನಿಗೆ ಶಿರಾ ಕಡೆ ಹೆಣ್ಣು ತಂದರು. ಸೊಸೆ ಹೆಸರು ಸೇರಿದರೆ 25 ಕಿಲೋ ಆಗುತ್ತೆ. ಆದರೆ ಅರ್ಜಿ ತಿರಸ್ಕಾರ ಆಯಿತು. ಕಾರಣ ಏನು? ಅವಳ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ ಇತ್ತು. ಒಂದು ಆಧಾರ್ ನಂಬರ್ ಎರಡು ಕಾರ್ಡಿನಲ್ಲಿ ಇರುವಂತಿಲ್ಲ. ರಾಜ್ಯ ಬೇರೆ ಆದರೂ ಕಂಪ್ಯೂಟರ್‌ಗೆ ಅದು ಗೊತ್ತಾಗುತ್ತದೆ.

ಆದ್ದರಿಂದ ಮೊದಲು ತವರಿನಲ್ಲಿ ಹೆಸರು ತೆಗೆಸಿ. ಕರ್ನಾಟಕದಲ್ಲಿ ಇದಕ್ಕೆ ತಾಲ್ಲೂಕು ಆಹಾರ ಶಾಖೆಯಲ್ಲಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಕೇಳಬೇಕು. ಅಲ್ಲಿ ತಿದ್ದುಪಡಿಗೆ ಕೆಲವು ದಿನ ಮಾತ್ರ ಅವಕಾಶ ಕೊಡುವುದುಂಟು. ಆದ್ದರಿಂದ ವಿಚಾರಿಸಿಕೊಂಡು ಹೋಗಿ. ಹೆಸರು ತೆಗೆದ ಕಾಗದ ಕೇಳಿ ಇಟ್ಟುಕೊಳ್ಳಿ. ಅಲ್ಲಿ ತೆಗೆದ ಮೇಲೆ ಇಲ್ಲಿ ಸೇರಿಸಲು ತಡ ಮಾಡಬೇಡಿ. ನಡುವೆ ಅವಳ ಪಾಲಿನ ಅಕ್ಕಿ ಎಲ್ಲೂ ಬರೋದಿಲ್ಲ.

ಆಮೇಲೆ ನಿಮ್ಮ ಗ್ರಾಮ ಸಚಿವಾಲಯಕ್ಕೆ ಹೋಗಿ. ಕಾರ್ಡು, ಎಲ್ಲರ ಆಧಾರ್, ಮದುವೆ ಪ್ರಮಾಣಪತ್ರ ಇದ್ದರೆ ಅದು, ಈ ಕಾಗದಗಳನ್ನು ತಗೊಂಡು ಹೋಗಿ. ಸೊಸೆಯೂ ಜೊತೆಗೆ ಬರಲಿ. ಅವಳ ಬೆರಳ ಗುರುತು ಬೇಕಾಗುತ್ತೆ. ಅಲ್ಲಿನವರು ಕಂಪ್ಯೂಟರ್‌ನಲ್ಲಿ ಅರ್ಜಿ ಹಾಕಿ ನಂಬರ್ ಇರುವ ರಸೀದಿ ಕೊಡುತ್ತಾರೆ. ಆಮೇಲೆ ವಿ.ಆರ್.ಓ. ಪರಿಶೀಲಿಸುತ್ತಾರೆ. ಕೊನೆಗೆ ತಹಶೀಲ್ದಾರರು ಒಪ್ಪಿಗೆ ಕೊಡಬೇಕು. ಅರ್ಜಿ ಎಲ್ಲಿಗೆ ಬಂತು ಅಂತ ಆ ನಂಬರ್ ಹೇಳಿ ಕೇಳಬಹುದು.

ಸಂಬಂಧ ಹೇಳುವಾಗ ಜೋಪಾನ. ಸಾಮಾನ್ಯವಾಗಿ ಕಾರ್ಡಿನ ಯಜಮಾನಿ ಮನೆಯ ಹಿರಿಯ ಹೆಂಗಸು. ಸಂಬಂಧ ಬರೆಯೋದು ಅವರಿಗೆ ಹೊಂದಿಸಿ. ಅತ್ತೆ ಯಜಮಾನಿ ಆದರೆ, ಹೊಸದಾಗಿ ಬಂದವಳು “ಸೊಸೆ”. ಗಂಡ ನಿಂತು ಹೇಳಿದರೂ “ಹೆಂಡತಿ” ಅಂತ ಬರೆಸಬಾರದು.

ಹೆಸರೂ ಸರಿಹೊಂದಬೇಕು. ಆಧಾರ್‌ನಲ್ಲಿ ಒಂದು ರೀತಿ, ಮದುವೆ ಪತ್ರದಲ್ಲಿ ಇನ್ನೊಂದು ರೀತಿ ಇದ್ದರೆ ಅರ್ಜಿ ನಿಲ್ಲಬಹುದು. ಮೊದಲು ಆಧಾರ್ ತಿದ್ದಿಸಿ, ಆಮೇಲೆ ಅರ್ಜಿ ಹಾಕಿ. ಸೊಸೆ ಹೆಸರಿನಲ್ಲಿ ಕಾರು ಇದ್ದರೂ, ಅವಳು ಆದಾಯ ತೆರಿಗೆ ಕಟ್ಟುತ್ತಿದ್ದರೂ ಅರ್ಜಿ ತಡೆಯಾಗಬಹುದು.

ಮಗು ಹುಟ್ಟಿದರೆ ಜನನ ಪತ್ರ ಬೇಕು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಮರಣ ಪತ್ರ ಕೊಟ್ಟು ಹೆಸರು ತೆಗೆಸಬೇಕು.

ಅರ್ಜಿ ತಿರಸ್ಕಾರ ಆದರೆ ಕಾರಣವನ್ನು ಬರೆಸಿಕೊಂಡು ಬನ್ನಿ. ಕಾರಣ ತಿಳಿಯದೆ ಅದೇ ಅರ್ಜಿ ಮತ್ತೆ ಹಾಕಿದರೆ ಮತ್ತೆ ಅದೇ ಆಗುತ್ತದೆ.