ತಾಳೆ ನೋಡುವ ಕ್ರಮ

ವಯಸ್ಸಿನ ಲೆಕ್ಕಗಳಲ್ಲಿ ನಮ್ಮ ವಿದ್ಯಾರ್ಥಿನಿಯರು ಬಹುಮಟ್ಟಿಗೆ ತಪ್ಪುವುದು ಸಮೀಕರಣವನ್ನು ಬಿಡಿಸುವಾಗಲ್ಲ, ವಾಕ್ಯವನ್ನು ಸಮೀಕರಣವಾಗಿ ಬರೆಯುವಾಗ. ನಾವು ಅಭ್ಯಾಸಕ್ಕೆ ಕೊಟ್ಟ ಒಂದು ಲೆಕ್ಕವನ್ನು ನೋಡಿರಿ: “ಬೆಸಗರಹಳ್ಳಿಯ ಒಬ್ಬ ತಾಯಿಯ ವಯಸ್ಸು ಮಗಳ ವಯಸ್ಸಿನ ನಾಲ್ಕರಷ್ಟಿದೆ, 6 ವರ್ಷಗಳ ತರುವಾಯ ಮೂರರಷ್ಟಾಗುವುದು. ಈಗ ಅವರ ವಯಸ್ಸೆಷ್ಟು?”

ಮಗಳ ವಯಸ್ಸು x ಆಗಿರಲಿ. ತಾಯಿಯದು 4x ಆಗುವುದು. ಹಲವರು 4x = 3(x + 6) ಎಂದು ಬರೆದು, x = 18 ಎಂದು ಕಂಡುಕೊಂಡರು. ಅದನ್ನು ತಮ್ಮ ಸಮೀಕರಣದಲ್ಲಿಯೇ ಇಟ್ಟು ನೋಡಲು ಎರಡು ಪಕ್ಕಗಳೂ 72 ಆದವು. ಉತ್ತರವು ಸರಿಯೆಂದು ತಿಳಿದರು. ಆದರೆ ತಾಳೆ ನೋಡತಕ್ಕದ್ದು ಮೂಲವಾಕ್ಯದೊಡನೆ. 6 ವರ್ಷಗಳ ತರುವಾಯ ಮಗಳಿಗೆ 24, ತಾಯಿಗೆ 78. 24ರ ಮೂರರಷ್ಟಾದರೋ 72. ಮಗಳ ವಯಸ್ಸಿಗೆ ಆರನ್ನು ಕೂಡಿಸಿ, ತಾಯಿಯ ವಯಸ್ಸಿಗೆ ಕೂಡಿಸದೆ ಬಿಟ್ಟದ್ದೇ ದೋಷವು. 4x + 6 = 3(x + 6) ಎಂದು ಬರೆದರೆ x = 12. ಈಗ 12 ಮತ್ತು 48. ತರುವಾಯ 18 ಮತ್ತು 54. ವಾಕ್ಯವು ನಿಜವಾಯಿತು.

ಅನುಕ್ರಮ ಸಂಖ್ಯೆಗಳಲ್ಲಿಯೂ ಹೀಗೆಯೇ. “ಅನುಕ್ರಮವಾದ ಮೂರು ಬೆಸಸಂಖ್ಯೆಗಳ ಮೊತ್ತ 72” ಎಂದರೆ x + (x + 2) + (x + 4) = 72 ಎಂದು ಬರೆಯುವುದು ಸರಿಯೇ. x = 22 ಬರುವುದು; 22, 24, 26ರ ಮೊತ್ತವೂ 72. ಆದರೆ ಇವು ಸಮಸಂಖ್ಯೆಗಳು. “ಬೆಸ” ಎಂಬ ಮಾತನ್ನು ಸಮೀಕರಣವು ಹೇಳಲಾರದು, ವಾಕ್ಯವು ಹೇಳುವುದು. ಆದುದರಿಂದ ಈ ಲೆಕ್ಕಕ್ಕೆ ಉತ್ತರವೇ ಇಲ್ಲವೆಂದು ಬರೆದವಳಿಗೇ ನಾವು ಪೂರ್ಣ ಅಂಕಗಳನ್ನು ಕೊಡುತ್ತೇವೆ.