ಹೃದಯ ಸರಿಯಿದ್ದೂ ಸೋಲುವುದು ಹೇಗೆ?

ಹಾರ್ಟ್ ಫೇಲ್ಯೂರ್ ಎಂದ ಕೂಡಲೇ ನಮಗೆ ನೆನಪಾಗುವುದು ದುರ್ಬಲವಾದ ಹೃದಯ. ಹಿಂದೊಮ್ಮೆ ಹೃದಯಾಘಾತವಾಗಿದೆ, ಸ್ನಾಯು ಸತ್ತಿದೆ, ಪಂಪು ಸರಿಯಾಗಿ ಒತ್ತುತ್ತಿಲ್ಲ, ಹೀಗೆ. ಆದರೆ ಹೃದಯ ಗಟ್ಟಿಮುಟ್ಟಾಗಿದ್ದು, ಮಾಮೂಲಿಗಿಂತ ಹೆಚ್ಚೇ ರಕ್ತವನ್ನು ಪಂಪು ಮಾಡುತ್ತಾ ಇರುವಾಗಲೂ ಸೋಲಬಹುದು. ಇದನ್ನು ವೈದ್ಯರು ‘ಹೈ ಔಟ್‌ಪುಟ್ ಹಾರ್ಟ್ ಫೇಲ್ಯೂರ್’ ಎನ್ನುತ್ತಾರೆ. ತೀವ್ರ ರಕ್ತಹೀನತೆ ಮತ್ತು ಥೈರಾಯ್ಡ್ ಕಾಯಿಲೆ ಇದಕ್ಕೆ ಕಾರಣವಾಗಬಲ್ಲವು. ಎರಡೂ ನಮ್ಮ ಮನೆಗಳ ಹೆಂಗಸರಲ್ಲಿ ಸಾಮಾನ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಮಹಾರಾಷ್ಟ್ರದ ಶೇ. 54, ಕರ್ನಾಟಕದ ಶೇ. 48ರಷ್ಟು ಮಂದಿಗೆ ರಕ್ತಹೀನತೆಯಿದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಠಾಣೆ ಸ್ಟೇಷನ್ನಿನ ಪಕ್ಕದ ನೌಪಾಡಾದಲ್ಲಿ ಒಂದು ಕನ್ನಡ ಕುಟುಂಬವಿದೆ ಎಂದುಕೊಳ್ಳಿ. ಹಳೆಯ ಕಟ್ಟಡ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಮನೆಯೊಡತಿಗೆ 43 ವರ್ಷ. ಎರಡು ವರ್ಷದಿಂದ ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ. ಸುಸ್ತು, ಚಳಿ ತಡೆಯೋದಿಲ್ಲ, ಮಲಬದ್ಧತೆ. "ವಯಸ್ಸಾಯ್ತಲ್ಲ" ಎಂದು ಆಕೆ ತಾನೇ ಸಮಾಧಾನ ಮಾಡಿಕೊಂಡಿದ್ದಾಳೆ. ಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದ ಮೆಟ್ಟಿಲನ್ನು ಈಗ ಪ್ರತಿ ಮಹಡಿಯಲ್ಲೂ ನಿಂತು ಹತ್ತುತ್ತಾಳೆ. ಇತ್ತೀಚೆಗೆ ಸಂಜೆ ಹೊತ್ತಿಗೆ ಪಾದ ಊದುತ್ತದೆ, ರಾತ್ರಿ ಎರಡು ದಿಂಬು ಬೇಕು, ಮಲಗಿದರೆ ಉಸಿರು ಕಟ್ಟುತ್ತದೆ.

ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 4.6 ಗ್ರಾಂ. ಹೆಂಗಸರಿಗೆ 12 ಇರಬೇಕು. ಕೆಂಪು ರಕ್ತಕಣಗಳು ತೀರ ಚಿಕ್ಕವು, ಅಂದರೆ ಕಬ್ಬಿಣದ ಕೊರತೆ. ನಾಲ್ಕರೊಳಗೆ ಇರಬೇಕಾದ ಟಿಎಸ್‌ಎಚ್ 38, ಅಂದರೆ ಥೈರಾಯ್ಡ್ ಗ್ರಂಥಿ ಮಂದವಾಗಿದೆ. ನಾಡಿ ನಿಮಿಷಕ್ಕೆ 116. ಎಕೋದಲ್ಲಿ ಮಾತ್ರ ಹೃದಯದ ಒತ್ತುವ ಶಕ್ತಿ ಶೇ. 65, ಪೂರ್ತಿ ನಾರ್ಮಲ್. ಗಂಡ ಕೇಳಿಯೇ ಕೇಳುತ್ತಾನೆ: "ಡಾಕ್ಟ್ರೇ, ಎಕೋ ಸರಿ ಇದ್ಯಲ್ಲ, ಮತ್ತೆ ಹಾರ್ಟ್ ಫೇಲ್ ಅಂತ ಯಾಕೆ ಹೇಳ್ತೀರಿ?"

ಉತ್ತರಕ್ಕೆ ಸಣ್ಣದೊಂದು ಲೆಕ್ಕ ಸಾಕು. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿ ಆಮ್ಲಜನಕ ಹೊರುತ್ತದೆ. ಹಿಮೋಗ್ಲೋಬಿನ್ 12 ಇದ್ದರೆ ಒಂದು ಲೀಟರ್ ರಕ್ತದಲ್ಲಿ ಸುಮಾರು 160 ಮಿಲಿ. ಸುಮ್ಮನೆ ಕೂತಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಕಳಿಸುತ್ತದೆ. ಅಂದರೆ 800 ಮಿಲಿ ಆಮ್ಲಜನಕ. ದೇಹಕ್ಕೆ ಬೇಕಾದದ್ದು ಸುಮಾರು 250. ಉಳಿದದ್ದೆಲ್ಲ ನಮ್ಮ ಮೀಸಲು ನಿಧಿ. ಈಕೆಯ ರಕ್ತದಲ್ಲಿ ಲೀಟರಿಗೆ ಇರೋದು 62 ಮಿಲಿ ಮಾತ್ರ. ಅದೇ 5 ಲೀಟರಿಗೆ 310. ಕೂತಿದ್ದಾಗಲೇ ನಿಧಿ ಖಾಲಿಯಾಗುವ ಸ್ಥಿತಿ, ಇನ್ನು ಮೆಟ್ಟಿಲು ಹತ್ತೋದೆಲ್ಲಿ?

ಆದ್ದರಿಂದ ಹೃದಯ ನಿಮಿಷಕ್ಕೆ 8 ಲೀಟರ್, ಅದಕ್ಕೂ ಹೆಚ್ಚು ಕಳಿಸಲು ಶುರು ಮಾಡುತ್ತದೆ. ರಕ್ತ ತೆಳುವಾಗಿದೆ, ರಕ್ತನಾಳಗಳೂ ಹಿಗ್ಗಿವೆ, ಹಾಗಾಗಿ ಹರಿವು ಸಲೀಸು. ಆದರೆ ನಾಳಗಳು ಹಿಗ್ಗಿದಾಗ ಒಳಗಿನ ಒತ್ತಡ ಇಳಿಯುತ್ತದೆ. ಮೂತ್ರಪಿಂಡ ಇದನ್ನು ‘ದೇಹದಲ್ಲಿ ನೀರು ಕಮ್ಮಿಯಾಗಿದೆ’ ಎಂದು ತಪ್ಪಾಗಿ ತಿಳಿದು ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಾದದ ಊತ, ಶ್ವಾಸಕೋಶದ ನೀರು ಬರುವುದು ಇಲ್ಲಿಂದ. ಜೊತೆಗೆ ಹೃದಯದ ಸ್ನಾಯು ತನಗೆ ಬರುವ ಆಮ್ಲಜನಕದ ಮುಕ್ಕಾಲು ಪಾಲನ್ನು ಮೊದಲೇ ಹೀರಿಕೊಳ್ಳುತ್ತದೆ. ಅದಕ್ಕೆ ಇನ್ನೂ ಹೆಚ್ಚು ಹೀರಲು ದಾರಿಯಿಲ್ಲ. ದುಡಿಮೆ ದುಪ್ಪಟ್ಟು, ಕೂಲಿ ಅರ್ಧಕ್ಕಿಂತ ಕಮ್ಮಿ.

ಇದನ್ನು ಗುರುತಿಸಲು ಒಂದು ಸುಳಿವಿದೆ. ಮಾಮೂಲಿ ಹೃದಯ ವೈಫಲ್ಯ ಮುಂದುವರಿದಾಗ ಕೈಕಾಲು ತಣ್ಣಗಿರುತ್ತವೆ, ನಾಡಿ ಕ್ಷೀಣ. ಹೈ ಔಟ್‌ಪುಟ್ ಇದ್ದರೆ ಅಂಗೈ ಬೆಚ್ಚಗಿದ್ದು ನಾಡಿ ಬೆರಳಿಗೆ ಪುಟಿಯುತ್ತದೆ. ಆದರೆ ನಮ್ಮ ಉದಾಹರಣೆಯ ಹೆಂಗಸಿಗೆ ಥೈರಾಯ್ಡ್ ಮಂದವಾಗಿರುವುದರಿಂದ ಕೈ ಅಷ್ಟು ಬೆಚ್ಚಗಿರದೇ ಇರಬಹುದು. ಇಂಥಲ್ಲಿ ಒಂದು ಕಾಯಿಲೆ ಇನ್ನೊಂದನ್ನು ಮರೆಮಾಚುತ್ತದೆ.

ಈ ಎರಡಕ್ಕೂ ಸಂಬಂಧವಿದೆ. ಥೈರಾಯ್ಡ್ ಮಂದವಾದರೆ ಮುಟ್ಟಿನ ರಕ್ತಸ್ರಾವ ಹೆಚ್ಚಾಗಬಹುದು, ಅದರಿಂದ ರಕ್ತಹೀನತೆ. ಥೈರಾಯ್ಡ್ ಅತಿಯಾದರೆ ಕಥೆ ಬೇರೆ. ಆಗ ಹಾರ್ಮೋನೇ ಹೃದಯಕ್ಕೆ ಚಾಟಿ ಬೀಸುತ್ತದೆ. ನಿದ್ದೆಯಲ್ಲೂ ನಾಡಿ ಓಡುತ್ತದೆ, ಕೈ ನಡುಗುತ್ತದೆ, ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ, ಸೆಖೆ ತಡೆಯೋದಿಲ್ಲ. ವಯಸ್ಸಾದವರಲ್ಲಿ ನಾಡಿಯ ಲಯವೇ ತಪ್ಪಬಹುದು. ಇಲ್ಲಿ ರಕ್ತ ಚೆನ್ನಾಗಿದ್ದರೂ ದೇಹದ ಬೇಡಿಕೆ ಏರಿರುತ್ತದೆ. ಎರಡು ದಾರಿ, ತಲುಪುವುದು ಒಂದೇ ಕಡೆ.

ದಾರಿ ಯಾವುದು ಎಂದು ತಿಳಿಯದೆ ಮದ್ದು ಕೊಟ್ಟರೆ ಅಪಾಯ. ಥೈರಾಯ್ಡ್ ಅತಿಯಾಗಿ ನಾಡಿ ಓಡುತ್ತಿದ್ದರೆ ಅದನ್ನು ನಿಧಾನಿಸುವ ಪ್ರೊಪ್ರನಲಾಲ್‌ನಂಥ ಮಾತ್ರೆ, ಹಾರ್ಮೋನ್ ತಗ್ಗಿಸುವ ಕಾರ್ಬಿಮಜೋಲ್ ಜೊತೆಗೆ, ಉಪಕಾರಿ. ರಕ್ತಹೀನತೆಯಲ್ಲಿ ನಾಡಿ ಓಡುವುದು ದೇಹ ತನ್ನನ್ನು ಉಳಿಸಿಕೊಳ್ಳುವ ಉಪಾಯ. ಅಲ್ಲಿ ಅದೇ ಮಾತ್ರೆ ಕೊಟ್ಟು ನಾಡಿ ಇಳಿಸಿದರೆ ಇದ್ದ ಆಸರೆಯನ್ನೇ ಕಿತ್ತಂತೆ. ಯಾರಿಗೋ ಕೊಟ್ಟ "ಎದೆ ಬಡಿತದ ಮಾತ್ರೆ"ಯನ್ನು ಮನೆಯಲ್ಲಿ ಹಂಚಿಕೊಳ್ಳಬಾರದು ಅನ್ನುವುದು ಇದಕ್ಕೇ.

ಇನ್ನೊಂದು ಎಡವಟ್ಟು ಆತುರದ್ದು. "ರಕ್ತ ಕಮ್ಮಿ ಅಂದ್ರಲ್ಲ, ನಾಲ್ಕು ಬಾಟ್ಲಿ ಒಟ್ಟಿಗೇ ಏರಿಸಿಬಿಡಿ" ಎನ್ನುವ ಮನೆಯವರಿದ್ದಾರೆ. ಈಕೆಯ ದೇಹದಲ್ಲಿ ಕೊರತೆ ರಕ್ತಕಣದ್ದೇ ಹೊರತು ನೀರಿನದಲ್ಲ, ನೀರು ಈಗಾಗಲೇ ಜಾಸ್ತಿಯಾಗಿದೆ. ಬೇಗ ಬೇಗ ರಕ್ತ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಅಲ್ಲೇ ಉಸಿರು ನಿಲ್ಲಬಹುದು. ಹಾಗಾಗಿ ಬರೀ ಕೆಂಪುಕಣದ ಒಂದು ಬ್ಯಾಗನ್ನು ಮೂರ್ನಾಲ್ಕು ಗಂಟೆ ನಿಧಾನವಾಗಿ ಏರಿಸಿ, ಜೊತೆಗೆ ನೀರಿಳಿಸುವ ಇಂಜೆಕ್ಷನ್ ಕೊಟ್ಟು, ಉಸಿರಾಟ ನೋಡಿ ಆಮೇಲೆ ಮುಂದಿನ ಬ್ಯಾಗ್. ಒಂದು ಬ್ಯಾಗಿಗೆ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರುತ್ತದೆ. ಎರಡು ದಿನದಲ್ಲಿ ಎರಡು ಬ್ಯಾಗ್ ಆದರೆ ಈಕೆ ಆರೂವರೆಯ ಹತ್ತಿರ ಬರುತ್ತಾಳೆ. ಉಸಿರು ಹಗುರಾಗಲು ಅಷ್ಟು ಸಾಕಾಗಬಹುದು. 12ರವರೆಗಿನ ಉಳಿದ ದಾರಿಯನ್ನು ಕಬ್ಬಿಣವೇ ತುಂಬಬೇಕು. ಏರಿಸುತ್ತಿರುವಾಗ ಕೆಮ್ಮು, ಏದುಸಿರು ಶುರುವಾದರೆ ಪಕ್ಕದಲ್ಲಿ ಕೂತವರು ತಕ್ಷಣ ನರ್ಸನ್ನು ಕರೆಯಬೇಕು.

ಥೈರಾಯ್ಡ್ ಮಾತ್ರೆಗೂ ಇದೇ ಮಾತು. ಟಿಎಸ್‌ಎಚ್ 38 ಇದೆಯೆಂದು ಮೊದಲ ದಿನವೇ ಪೂರ್ತಿ ಡೋಸ್ ಕೊಟ್ಟರೆ ದೇಹದ ಆಮ್ಲಜನಕದ ಬೇಡಿಕೆ ಏರುತ್ತದೆ, ಪೂರೈಸಲು ರಕ್ತವಿಲ್ಲ. ಎದೆ ಡವಗುಟ್ಟುತ್ತದೆ, ಅವಳು "ಈ ಮಾತ್ರೆ ನಂಗೆ ಆಗೋದಿಲ್ಲ" ಎಂದು ಬಿಟ್ಟೇ ಬಿಡುತ್ತಾಳೆ. ಆದ್ದರಿಂದ ಮೊದಲು ರಕ್ತ ಸುಧಾರಿಸಬೇಕು, ಮಾತ್ರೆ 25 ಮೈಕ್ರೋಗ್ರಾಂನಷ್ಟು ಕಡಿಮೆಯಿಂದ ಆರಂಭವಾಗಿ ಕೆಲವು ವಾರಗಳಿಗೊಮ್ಮೆ ಏರಬೇಕು.

ಮನೆಗೆ ಬಂದ ಮೇಲೆ ನೆನಪಿಡಬೇಕಾದದ್ದು ಒಂದಿದೆ. ಥೈರಾಯ್ಡ್ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಥೈರಾಯ್ಡ್ ಮದ್ದನ್ನು ಕಟ್ಟಿಹಾಕುತ್ತದೆ. ನಾಲ್ಕು ಗಂಟೆಯ ಅಂತರ ಬೇಕು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್, ಮಧ್ಯಾಹ್ನ ಅಥವಾ ರಾತ್ರಿ ಕಬ್ಬಿಣ, ಅದೂ ಚಹಾದ ಜೊತೆ ಅಲ್ಲ. ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ಕಬ್ಬಿಣವನ್ನು ಸುಮಾರು ಮೂರು ತಿಂಗಳು ಮುಂದುವರಿಸಬೇಕು, ದೇಹದ ದಾಸ್ತಾನು ತುಂಬಬೇಕಲ್ಲ. ರಕ್ತ ಹೋಗುತ್ತಿರುವುದು ಎಲ್ಲಿಂದ ಎಂದೂ ನೋಡಬೇಕು. ಗರ್ಭಕೋಶದಲ್ಲಿ ಗಡ್ಡೆಯಿದೆಯೇ, ಮೂಲವ್ಯಾಧಿಯೇ, ಹೊಟ್ಟೆಯ ಹುಣ್ಣೇ? ಸೋರುವ ಕೊಡಕ್ಕೆ ನೀರು ಹೊಯ್ದು ಫಲವಿಲ್ಲ.

ಕಾರಣ ಸರಿಹೋದರೆ ಈ ಹೃದಯ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಸತ್ತ ಸ್ನಾಯು ಮರಳಿ ಬರುವುದಿಲ್ಲ, ಆದರೆ ದಣಿದ ಸ್ನಾಯು ವಿಶ್ರಾಂತಿ ಸಿಕ್ಕಿದರೆ ಎದ್ದು ನಿಲ್ಲುತ್ತದೆ. ವರ್ಷಗಟ್ಟಲೆ ಬಿಟ್ಟರೆ ಮಾತ್ರ ಹೃದಯ ಹಿಗ್ಗಿ ನಿಜವಾಗಿಯೂ ಸೊರಗುತ್ತದೆ. ಮನೆಯಲ್ಲಿ ಯಾರಾದರೂ ಮೆಟ್ಟಿಲ ನಡುವೆ ನಿಲ್ಲುತ್ತಿದ್ದರೆ, ಪಾದ ಊದುತ್ತಿದ್ದರೆ, ದಿಂಬಿನ ಮೇಲೆ ದಿಂಬು ಇಡುತ್ತಿದ್ದರೆ ವೈದ್ಯರ ಬಳಿ ಕರೆದೊಯ್ಯಿರಿ. ಎಕೋ, ಇಸಿಜಿಯ ಜೊತೆಗೆ ಹಿಮೋಗ್ಲೋಬಿನ್, ಟಿಎಸ್‌ಎಚ್ ಎರಡನ್ನೂ ನೋಡಿದ್ದಾರಾ ಅಂತ ಕೇಳಿ. ಎಕೋ ನಾರ್ಮಲ್ ಅಂದ ಮಾತ್ರಕ್ಕೆ ಎದ್ದು ಬರಬೇಡಿ.